ಗುರುವಾರ ರಾತ್ರಿಯ ವಿಮಾನ ಯಾವ ದಿನದ್ದು?

ತಿಪಟೂರಿನ ಹುಡುಗ. ಡಿಪ್ಲೊಮಾ ಮುಗಿಸಿ ತುಮಕೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಹೆಸರು ಮಂಜುನಾಥ ಎಂದಿಟ್ಟುಕೊಳ್ಳೋಣ. ದೆಹಲಿಯಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸಂದರ್ಶನಕ್ಕೆ ಬರಬೇಕೆಂದು ಕಂಪನಿಯಿಂದ ಪತ್ರ ಬಂತು. ರೈಲಿನಲ್ಲಿ ಹೋದರೆ ಎರಡು ರಾತ್ರಿ ಬೇಕು, ರಜೆ ಸಿಕ್ಕಿದ್ದು ಶುಕ್ರವಾರ ಒಂದೇ ದಿನ. ಸರಿ, ಗುರುವಾರ ಕೆಲಸ ಮುಗಿಸಿಕೊಂಡು ರಾತ್ರಿ ವಿಮಾನ ಹತ್ತುವುದು ಎಂದು ತೀರ್ಮಾನವಾಯಿತು.

ರೈಲಿನ ಟಿಕೆಟ್ ಮಾಡುವುದರಲ್ಲಿ ಅವನು ಪಳಗಿದವನೇ. ತತ್ಕಾಲ್, ಆರ್‌ಎಸಿ, ವೇಟಿಂಗ್ ಲಿಸ್ಟ್ ಎಲ್ಲವೂ ಗೊತ್ತು. ವಿಮಾನದಲ್ಲಿ ಇವು ಯಾವುವೂ ಇಲ್ಲ. ಸೀಟಿದ್ದರೆ ಟಿಕೆಟ್, ಇಲ್ಲದಿದ್ದರೆ ಇಲ್ಲ. ಅದರ ಬದಲು ದರ ಒಂದೇ ಕಡೆ ನಿಲ್ಲುವುದಿಲ್ಲ. ಕಡಿಮೆ ದರದ ಸೀಟುಗಳು ಖಾಲಿಯಾದಂತೆ ಉಳಿದವು ದುಬಾರಿಯಾಗುತ್ತ ಹೋಗುತ್ತವೆ. ಅವನು ಮಧ್ಯಾಹ್ನ ನೋಡಿದ ದರ ಸಂಜೆಗೆ ಏರಿತ್ತು. ಎದೆ ಡವಡವ ಎನ್ನತೊಡಗಿತು.

ಗುರುವಾರದ ದಿನಾಂಕ ಹಾಕಿ ಹುಡುಕಿದಾಗ ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು 00:35ರ ವಿಮಾನ, 5,480 ರೂಪಾಯಿ. ರಾತ್ರಿ ಹನ್ನೆರಡೂವರೆ ದಾಟಿದ ಮೇಲೆ ಹೊರಟು, ಮೂರು ಗಂಟೆಗೂ ಕಡಿಮೆ ಹೊತ್ತಿನಲ್ಲಿ ದೆಹಲಿ. ಹಣ ಕಟ್ಟುವ ಮುಂಚೆ ಬೆಂಗಳೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು.

"ಅಕ್ಕಾ, ಗುರುವಾರ ರಾತ್ರಿ ಹನ್ನೆರಡೂ ಮೂವತ್ತೈದಕ್ಕೆ ಒಂದಿದೆ. ಮಾಡಿಬಿಡ್ಲಾ?"

"ತಡಿಯೋ. ತಾರೀಕು ಯಾವುದು ಹಾಕಿದ್ದೀಯ?"

"ಗುರುವಾರದ್ದೇ."

"ಹಂಗಾದ್ರೆ ಅದು ಬುಧವಾರ ರಾತ್ರಿ ಹೋಗೋ ವಿಮಾನ ಕಣೋ. ನೀನು ಗುರುವಾರ ರಾತ್ರಿ ಹೋಗಿ ನಿಂತರೆ ಅದು ಹೋಗಿ ಇಡೀ ದಿನ ಆಗಿರುತ್ತೆ."

ನಾವು ಮಲಗಿ ಏಳುವವರೆಗೂ ಒಂದೇ ರಾತ್ರಿ ಎನ್ನುತ್ತೇವೆ, ಟಿಕೆಟ್ಟಿನ ಲೆಕ್ಕದಲ್ಲಿ ಮಾತ್ರ ಹನ್ನೆರಡು ಹೊಡೆದ ಕೂಡಲೇ ಮರುದಿನ. ಗುರುವಾರ ಊಟ ಮಾಡಿ ಹೊರಡುವವನು ಶುಕ್ರವಾರದ ದಿನಾಂಕದ 00:35ರ ಟಿಕೆಟ್ ತೆಗೆಯಬೇಕು. ವಿಮಾನದಲ್ಲಿ ಓಡಾಡಿ ಅಭ್ಯಾಸವಿರುವವರೂ ಇಲ್ಲಿ ಎಡವುತ್ತಾರೆ. ವಿಮಾನ ತಪ್ಪಿದರೆ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಮತ್ತು ಭದ್ರತಾ ಶುಲ್ಕದಂಥವನ್ನು ವಾಪಸ್ ಕೇಳಿ ಪಡೆಯಬಹುದು, ನಿಯಮವಿದೆ. ಟಿಕೆಟ್ಟಿನ ಮೂಲ ದರ ಸಾಮಾನ್ಯವಾಗಿ ಹೋದಂತೆಯೇ. 00:00ರಿಂದ 03:00ರವರೆಗಿನ ಸಮಯ ಕಂಡರೆ "ಮನೆಯಿಂದ ಹೊರಡುವುದು ಯಾವ ವಾರದ ಸಂಜೆ?" ಎಂದು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು.

ದಿನಾಂಕ ಸರಿಹೋಯಿತು, ಪುಣ್ಯಕ್ಕೆ ದರವೂ ಅಷ್ಟೇ ಇತ್ತು. ಮುಂದಿನದು ಹೆಸರು. ಆಧಾರಿನಲ್ಲಿ ಅವನು MANJUNATHA S. ಅರ್ಜಿಯಲ್ಲಿ ಮೊದಲ ಹೆಸರಿಗೊಂದು, ಕೊನೆಯ ಹೆಸರಿಗೊಂದು ಖಾನೆ; ಎರಡನ್ನೂ ತುಂಬದೆ ಮುಂದೆ ಹೋಗುವಂತಿಲ್ಲ. ಮನೆತನದ ಹೆಸರು ಹಚ್ಚಿಕೊಳ್ಳದ ನಮ್ಮ ಕಡೆಯವರಿಗೆಲ್ಲ ಇದೊಂದು ಗೋಳು. ಅವನು ಕೊನೆಯ ಖಾನೆಗೆ S ಹಾಕಿದ, ಅದು ಒಪ್ಪಿಕೊಂಡಿತು. ಕೆಲವು ಕಡೆ ಒಂದೇ ಅಕ್ಷರ ನಡೆಯುವುದಿಲ್ಲ, ಆಗ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾಗುತ್ತದೆ. ಮುಖ್ಯ ಮಾತೆಂದರೆ, ಮನೆಯಲ್ಲಿ ಕರೆಯುವ ಹೆಸರಾಗಲಿ ಫೇಸ್‌ಬುಕ್ಕಿನ ಹೆಸರಾಗಲಿ ಬೇಡ. ಬಾಗಿಲಲ್ಲಿ ತೋರಿಸುವ ಗುರುತಿನ ಚೀಟಿಯಲ್ಲಿ ಇರುವುದೇ ಇರಲಿ.

ಆಮೇಲೆ ಬಂದದ್ದು ಸೀಟಿನ ನಕ್ಷೆ. ಕಿಟಕಿ ಪಕ್ಕದ ಸೀಟಿಗೆ 350. ಊಟಕ್ಕೆ 400. ವಿಮೆಗೆ 249, ಅದಕ್ಕೆ ಮೊದಲೇ ಟಿಕ್ ಬಿದ್ದಿತ್ತು. ಕೊನೆಗೆ ಆನ್‌ಲೈನ್ ಪಾವತಿಯ ಶುಲ್ಕ 399. ಒಟ್ಟು 6,878. ಹುಡುಗ ಗಾಬರಿಯಾದ. ಅಕ್ಕ ಒಂದೊಂದನ್ನೇ ತೆಗೆಸಿದಳು. ಸೀಟು ಆರಿಸದೆ ಬಿಟ್ಟರೆ ಕೂರಲು ಜಾಗ ಸಿಗದೇನೋ ಎಂಬುದು ರೈಲಿನವರ ಭಯ. ಟಿಕೆಟ್ ಇದ್ದ ಮೇಲೆ ಚೆಕ್-ಇನ್ ಹೊತ್ತಿಗೆ ಯಾವುದಾದರೂ ಸೀಟು ಪುಕ್ಕಟೆಯಾಗಿ ಕೊಡುತ್ತಾರೆ, ಹೆಚ್ಚೆಂದರೆ ಅದು ಮೂವರ ನಡುವಿನದಾಗಿರುತ್ತದೆ. ಊಟ ಮನೆಯಲ್ಲೇ ಆಗಿರುತ್ತದೆ. ಉಳಿದದ್ದು 5,879.

ಹಣ ಕಡಿತವಾದ ಸಂದೇಶ ಬಂದರೆ ಟಿಕೆಟ್ ಆಯಿತೆಂದಲ್ಲ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ ಬರಬೇಕು. ಬಂತು. ಹಿಗ್ಗಿನಿಂದ ತೆರೆದು ನೋಡಿದರೆ MANJUNATH ಎಂದಿದೆ, ಕೊನೆಯ A ಕಾಣೆ. ಒಂದಕ್ಷರಕ್ಕೆ ಯಾರೂ ವಾಪಸ್ ಕಳಿಸಲಾರರೇನೋ, ಆದರೆ ಆ ಯೋಚನೆಯಲ್ಲಿ ಎರಡು ವಾರ ನಿದ್ದೆ ಕೆಡಿಸಿಕೊಳ್ಳುವುದು ಯಾಕೆ? ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಟಿಕೆಟ್ ಮಾಡಿದವರು 24 ಗಂಟೆಯೊಳಗೆ ತಿಳಿಸಿದರೆ, ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು ಶುಲ್ಕವಿಲ್ಲದೆ ಸರಿಪಡಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಅವನು ಫೋನ್ ಮಾಡಿದ, A ಬಂತು. ದರ ಹೋಲಿಸಲು ಹತ್ತು ಆಪ್ ನೋಡಿದರೂ ಕೊಳ್ಳುವುದು ಮಾತ್ರ ನೇರವಾಗಿ ಕಂಪನಿಯಲ್ಲೇ ಇರಲಿ ಎಂದು ನಾನು ಹೇಳುವುದು ಇದಕ್ಕೇ. ನಡುವೆ ಇನ್ನೊಬ್ಬರಿದ್ದರೆ ತಿದ್ದುಪಡಿಗೆ ಇವರು ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ.

ಹೊರಡುವ ಮುನ್ನಾದಿನ ಮೊಬೈಲಿನಲ್ಲೇ ವೆಬ್ ಚೆಕ್-ಇನ್ ಮಾಡಿದ. ಅಲ್ಲೂ ಸೀಟಿಗೆ ಹಣ ಕೇಳಿತು. ಅದನ್ನು ದಾಟಿ ಮುಂದೆ ಹೋದ, 23B ಸಿಕ್ಕಿತು. ನಡುವಿನದೇ.

ಗುರುವಾರ ರಾತ್ರಿ ಒಂಬತ್ತೂವರೆಗೆಲ್ಲ ನಿಲ್ದಾಣದಲ್ಲಿದ್ದ. ಬೆಂಗಳೂರಿನಲ್ಲಿ ಟರ್ಮಿನಲ್ ಎರಡಿವೆ, ಯಾವುದೆಂಬುದು ಟಿಕೆಟ್ಟಿನಲ್ಲೇ ಇರುತ್ತದೆ. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಆಧಾರನ್ನೂ ಮುಖವನ್ನೂ ನೋಡಿ ಒಳಗೆ ಬಿಟ್ಟರು. ದೊಡ್ಡ ಬ್ಯಾಗ್ ಕೊಡುವ ಕೌಂಟರಿನಲ್ಲಿ 15 ಕೆ.ಜಿ.ಯ ಮಿತಿಗೆ 14 ಬಂತು, ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಕೌಂಟರಿನ ಹುಡುಗಿ ಚಿತ್ರಗಳಿದ್ದ ಹಾಳೆಯೊಂದನ್ನು ತೋರಿಸಿ ಕೇಳಿದಳು: "ಇದರಲ್ಲಿ ಯಾವುದಾದ್ರೂ ಇದ್ಯಾ ಸರ್? ಪವರ್ ಬ್ಯಾಂಕ್, ಲೈಟರ್, ಕೊಬ್ಬರಿ?"

ಎರಡು ಇದ್ದವು. ತಿಪಟೂರಿನಿಂದ ಹೊರಟವನ ಬ್ಯಾಗಿನಲ್ಲಿ ಕೊಬ್ಬರಿ ಇಲ್ಲದೆ ಇರುತ್ತದೆಯೇ? ದೆಹಲಿಯ ಪರಿಚಯದವರಿಗೆಂದು ಅಮ್ಮ ಆರು ಗಿಟುಕು ಇಟ್ಟಿದ್ದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಒತ್ತೊತ್ತಾಗಿ ತುಂಬಿದ ಕಡೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಪವರ್ ಬ್ಯಾಂಕಿನದೂ ಬೆಂಕಿಯದೇ ಭಯ, ಆದರೆ ಅದನ್ನು ಕೈಚೀಲದಲ್ಲಿ ಒಯ್ಯಲೇಬೇಕು: ಹೊಗೆ ಎದ್ದರೆ ಜನರಿರುವ ಕಡೆ ಕೂಡಲೇ ಕಾಣುತ್ತದೆ, ಹೊಟ್ಟೆಯಲ್ಲಿನ ಸರಕಿನ ಗೂಡಿನಲ್ಲಿ ಯಾರಿಗೂ ಕಾಣದು. ಪವರ್ ಬ್ಯಾಂಕ್ ಕೈಚೀಲಕ್ಕೆ ಬಂತು. ಗಿಟುಕು ಬೀಳ್ಕೊಡಲು ಬಂದು ಹೊರಗೆ ನಿಂತಿದ್ದ ಭಾವನ ಪಾಲಾಯಿತು. ಹೀಗೆ ಕೌಂಟರಿನಲ್ಲೇ ಹೇಳಿದ್ದರಿಂದ ಉಳಿದ. ಬ್ಯಾಗ್ ಒಳಗೆ ಹೋದ ಮೇಲೆ ಎಕ್ಸ್-ರೇಯಲ್ಲಿ ಕಂಡಿದ್ದರೆ ಅವನನ್ನು ಕರೆಸಿ ಬಿಚ್ಚಿಸುತ್ತಿದ್ದರು, ಅದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು.

ಹೊತ್ತು ಬೇಕಾದಷ್ಟಿತ್ತು. ಬ್ಯಾಗಿನ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ವಿಮಾನ ಹತ್ತಿಸುವ ಗೇಟು ಸುಮಾರು 25 ನಿಮಿಷ ಮೊದಲು. 00:35 ಎಂದರೆ ಅವನ ಪಾಲಿಗೆ 00:10. ಓಡಿಬಂದು ಹತ್ತುವ ರೈಲಿನ ಆಟ ಇಲ್ಲಿ ನಡೆಯದು.

ಮೂರೂವರೆಯ ಹೊತ್ತಿಗೆ ದೆಹಲಿಯಲ್ಲಿಳಿದ. ಅಗ್ಗದ ಟಿಕೆಟ್ಟಿನ ಇನ್ನೊಂದು ಮುಖ ಆಗ ಕಂಡಿತು. ಮೆಟ್ರೊ ಶುರುವಾಗಲು ಇನ್ನೂ ಹೊತ್ತಿತ್ತು, ಟ್ಯಾಕ್ಸಿ ಹಿಡಿದರೆ ಉಳಿಸಿದ ಹಣವೆಲ್ಲ ಅದಕ್ಕೇ. ಅವನು ನಿಲ್ದಾಣದಲ್ಲೇ ಬ್ಯಾಗಿಗೆ ಒರಗಿ ಕೂತು, ಬೆಳಕು ಹರಿಯುವ ಮೊದಲೇ ಅಕ್ಕನಿಗೆ ಸಂದೇಶ ಹಾಕಿದ: "ವಾಪಸ್ ಬರೋದು ಶನಿವಾರ ಹಗಲಿನದ್ದು ನೋಡ್ತಿದ್ದೀನಿ. ನಾನೂರು ಜಾಸ್ತಿ, ಪರವಾಗಿಲ್ಲ ಅಲ್ವಾ?"