ಸರಾಸರಿ ಎಷ್ಟು ವಾಲಿದೆ?

ಒಂದು ಸಣ್ಣ ಅಚ್ಚುಕೂಟದಲ್ಲಿ ಏಳು ಜನ ಕೆಲಸಕ್ಕಿದ್ದಾರೆ ಎಂದುಕೊಳ್ಳಿ. ಅವರ ತಿಂಗಳ ಸಂಬಳ, ಸಾವಿರ ರೂಪಾಯಿಗಳ ಲೆಕ್ಕದಲ್ಲಿ, 12, 13, 14, 15, 16, 17 ಮತ್ತು 39. ಕೊನೆಯದು ಮ್ಯಾನೇಜರರದು. ಸರಾಸರಿ 18 ಬರುತ್ತದೆ, ಆದರೆ ಆರು ಜನಕ್ಕೆ ಅಷ್ಟು ಸಂಬಳವೇ ಇಲ್ಲ. ಸಾಲಿನ ನಟ್ಟನಡುವಿನ ಸಂಬಳ, ಅಂದರೆ ಮಧ್ಯಾಂಕ, 15. ಮ್ಯಾನೇಜರರ ಸಂಬಳ ಸರಾಸರಿಯನ್ನು ತನ್ನತ್ತ ಎಳೆದುಕೊಂಡಿದೆ, ಮಧ್ಯಾಂಕ ಜಗ್ಗಿಲ್ಲ.

ಈ ವಾಲುವಿಕೆಯನ್ನು ಅಳೆಯಲು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1895ರಲ್ಲಿ ಒಂದು ದಾರಿ ತೋರಿಸಿದರು. ಅವರು ಸರಾಸರಿಯನ್ನು ಹೋಲಿಸಿದ್ದು ಬಹುಲಕದೊಂದಿಗೆ, ಎಂದರೆ ಅತಿ ಹೆಚ್ಚು ಸಲ ಬರುವ ಬೆಲೆಯೊಂದಿಗೆ. ನಮ್ಮ ಏಳು ಸಂಬಳಗಳಲ್ಲಿ ಯಾವುದೂ ಎರಡು ಸಲ ಬಂದಿಲ್ಲ, ಹಾಗಾಗಿ ಬಹುಲಕವೇ ಇಲ್ಲ. ಸಣ್ಣ ದತ್ತಾಂಶಗಳಲ್ಲಿ ಇದು ಸಾಮಾನ್ಯ. ಅಲ್ಲಿ ನೆರವಿಗೆ ಬರುವುದು ಮಧ್ಯಾಂಕ. ತೀರಾ ಓರೆಯಲ್ಲದ ದತ್ತಾಂಶಗಳಲ್ಲಿ ಸರಾಸರಿಯಿಂದ ಬಹುಲಕಕ್ಕಿರುವ ದೂರ, ಮಧ್ಯಾಂಕಕ್ಕಿರುವ ದೂರದ ಸುಮಾರು ಮೂರು ಪಟ್ಟು ಇರುವುದು ಕಂಡುಬಂದಿತ್ತು. ಸೂತ್ರದಲ್ಲಿ 3 ಬಂದದ್ದು ಹಾಗೆ:

ಓರೆತನ = 3 × (ಸರಾಸರಿ − ಮಧ್ಯಾಂಕ) ÷ ಮಾನಕ ವಿಚಲನೆ

ಪ್ರತಿ ಸಂಬಳಕ್ಕೂ 18ಕ್ಕೂ ಇರುವ ಅಂತರವನ್ನು ವರ್ಗ ಮಾಡಿ ಕೂಡಿದರೆ 532. ಅದನ್ನು 7ರಿಂದ ಭಾಗಿಸಿದರೆ 76, ಅದರ ವರ್ಗಮೂಲ 8.72. ಇದೇ ಮಾನಕ ವಿಚಲನೆ. ಮೇಲೆ 3 × 3 = 9 ಇದೆ, ಕೆಳಗೆ 8.72. ಉತ್ತರ 1.03. ಧನ ಸಂಖ್ಯೆಯಾದ್ದರಿಂದ ಬಾಲ ಹೆಚ್ಚಿನ ಸಂಬಳದ ಕಡೆಗೆ ಚಾಚಿದೆ ಎಂದರ್ಥ. ಕೆಲವರು 7ರ ಬದಲು 6ರಿಂದ ಭಾಗಿಸುತ್ತಾರೆ, ಆಗ 0.96 ಬರುತ್ತದೆ. ಎರಡು ಕಡೆಯ ಉತ್ತರಗಳನ್ನು ಹೋಲಿಸುವ ಮುನ್ನ ಯಾವುದರಿಂದ ಭಾಗಿಸಿದ್ದಾರೆಂದು ಕೇಳಲೇಬೇಕು.

ಈಗ ಮ್ಯಾನೇಜರರ ಸಂಬಳವನ್ನು 39ರಿಂದ 109ಕ್ಕೆ ಏರಿಸೋಣ. ಸರಾಸರಿ 28ಕ್ಕೆ ಜಿಗಿಯುತ್ತದೆ, ಮಧ್ಯಾಂಕ ಅದೇ 15. ಅಸಮಾನತೆ ಕಣ್ಣಿಗೆ ರಾಚುವಂತಿದೆ. ಗುಣಾಂಕ ಮಾತ್ರ 1.18! ಕಾರಣ ಛೇದದಲ್ಲಿದೆ. ಸರಾಸರಿಯನ್ನು ಎಳೆದ ಅದೇ ಸಂಖ್ಯೆ ಮಾನಕ ವಿಚಲನೆಯನ್ನೂ 33.1ಕ್ಕೆ ಹಿಗ್ಗಿಸಿದೆ. ಮ್ಯಾನೇಜರರಿಗೆ ಕೋಟಿ ರೂಪಾಯಿ ಕೊಟ್ಟರೂ ಗುಣಾಂಕ 1.22 ದಾಟದು. ದತ್ತಾಂಶ ಯಾವುದೇ ಇರಲಿ, ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರ ಮಾನಕ ವಿಚಲನೆಯನ್ನು ಮೀರುವಂತಿಲ್ಲ. ಆದ್ದರಿಂದ ಈ ಗುಣಾಂಕ −3 ಮತ್ತು 3ರ ನಡುವೆಯೇ ಇರಬೇಕು. ಏಳೇ ಜನರಲ್ಲಿ ಒಬ್ಬರು ಮಾತ್ರ ದೂರ ನಿಂತಾಗ ಆ ಮಿತಿ ಇನ್ನೂ ಕಿರಿದು. ಹಾಗಾಗಿ 1.03ನ್ನು ಕಂಡು ಓರೆ ಅಷ್ಟೇನಿಲ್ಲ ಎನ್ನುವುದು ತಪ್ಪು. ಆ ಅಚ್ಚುಕೂಟದ ಮಟ್ಟಿಗೆ ಅದು ಬಹಳ ದೊಡ್ಡ ಸಂಖ್ಯೆ.

ಸೊನ್ನೆಯನ್ನೂ ಸುಮ್ಮನೆ ನಂಬಬಾರದು. 11, 11, 11, 15, 16, 17, 24 ಎಂಬ ಸಂಬಳಗಳನ್ನು ನೋಡಿ. ಸರಾಸರಿ 15, ಮಧ್ಯಾಂಕವೂ 15, ಗುಣಾಂಕ ಸೊನ್ನೆ. ಆದರೂ ಕೆಳಗೆ ಮೂವರು ಒಂದೇ ಕಡೆ ಗುಂಪಾಗಿದ್ದಾರೆ, ಮೇಲೆ ಒಬ್ಬರು 24ರಲ್ಲಿ ಒಂಟಿಯಾಗಿದ್ದಾರೆ. ಏಳೇ ಸಂಖ್ಯೆಗಳಿದ್ದಾಗ ಒಂದು ಗೆರೆ ಎಳೆದು ಏಳು ಚುಕ್ಕೆ ಇಟ್ಟರೆ ಇದು ಕ್ಷಣದಲ್ಲಿ ಕಾಣುತ್ತದೆ.