ಐದು ಬೀಜ ಕೊಡು ಅಂದಾಗ

ಎಲ್‌ಕೆಜಿ ಮಗುವಿನ ಅಪ್ಪ ಅಮ್ಮ ಪೋಷಕರ ಸಭೆಗೆ ಬಂದರೆ ಮೊದಲು ಕೇಳುವುದು ಮಾರ್ಕ್ಸ್ ಕಾರ್ಡ್. ಅದರ ಬದಲು ಟೀಚರ್, ಮಗು ಗೀಚಿದ ಹಾಳೆಗಳ ದಪ್ಪ ಫೈಲನ್ನು ಮುಂದಿಟ್ಟರೆ, ಇಷ್ಟು ಫೀಸು ಕಟ್ಟಿದ್ದು ಇದಕ್ಕಾ ಅನ್ನಿಸುವುದು ಸಹಜ. ಬುನಾದಿ ಹಂತಕ್ಕೆಂದು 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 3ರಿಂದ 6 ವರ್ಷದವರಿಗೆ ಪರೀಕ್ಷೆ ಸಲ್ಲದು ಎನ್ನುತ್ತದೆ. ಮಗುವನ್ನು ಗಮನಿಸಿ, ಅದು ಮಾಡಿದ್ದನ್ನು ಕೂಡಿಟ್ಟು ನೋಡಿ ಎನ್ನುವುದು ಅದರ ಸಲಹೆ. ಕಾರಣ ತಿಳಿಯಲು ಒಂದು ಹಿಡಿ ಹುಣಸೆ ಬೀಜ ಸಾಕು.

ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ಇದ್ದಾಳೆ ಎಂದುಕೊಳ್ಳಿ. ಒಂದರಿಂದ ಇಪ್ಪತ್ತರವರೆಗೆ ಉಸಿರು ಬಿಡದೆ ಹೇಳುತ್ತಾಳೆ, ತಕ್ಕಮಟ್ಟಿಗೆ ಬರೆಯುತ್ತಾಳೆ. ಪರೀಕ್ಷೆ ಇಟ್ಟರೆ ಇಪ್ಪತ್ತಕ್ಕೆ ಇಪ್ಪತ್ತು. ಈಗ ಟೀಚರ್ ಪಕ್ಕದಲ್ಲಿ ಕೂತು ಬರೆದುಕೊಂಡದ್ದನ್ನು ಓದಿ: "ಜುಲೈ 8. ಏಳು ಬೀಜ ಮುಂದಿಟ್ಟೆ. ಬಾಯಿ ಬೆರಳಿಗಿಂತ ಬೇಗ ಓಡಿತು, ಒಂಬತ್ತು ಅಂದಳು. ಐದು ಕೊಡು ಅಂದೆ. ಕೈಗೆ ಸಿಕ್ಕಷ್ಟು ಕೊಟ್ಟಳು."

ಅಂದರೆ ಸಂಖ್ಯೆಗಳು ಅವಳಿಗೆ ಹಾಡಿನಂತೆ ಬಾಯಿಪಾಠ ಆಗಿವೆ, ಎಣಿಕೆ ಇನ್ನೂ ಬಂದಿಲ್ಲ. ಒಂದು ಬೀಜಕ್ಕೆ ಒಂದೇ ಸಂಖ್ಯೆ ಹೇಳಬೇಕು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬುದು ಹೊಳೆಯಬೇಕು. ಈ ವಯಸ್ಸಿನಲ್ಲಿ ಇದು ದೋಷವಲ್ಲ, ಎಲ್ಲ ಮಕ್ಕಳೂ ದಾಟುವ ಮೆಟ್ಟಿಲು. ಆದರೆ ಪೂರ್ತಿ ಅಂಕ ಕೊಟ್ಟ ಉತ್ತರಪತ್ರಿಕೆ ಆ ಮೆಟ್ಟಿಲನ್ನೇ ಮುಚ್ಚಿಹಾಕುತ್ತದೆ. ಟಿಪ್ಪಣಿ ಇದ್ದುದರಿಂದ ಟೀಚರ್‌ಗೆ ಮುಂದೇನು ಮಾಡಬೇಕೆಂದು ಗೊತ್ತಾಯಿತು. ಅಳಗುಳಿ ಮಣೆ ತೆಗೆದು ಗುಳಿಗೆ ಒಂದೊಂದೇ ಬೀಜ ಹಾಕಿಸಿದರು.

ಸೆಪ್ಟೆಂಬರ್‌ನ ಟಿಪ್ಪಣಿಯಲ್ಲಿ ಅವಳು ಏಳನ್ನು ಸರಿಯಾಗಿ ಎಣಿಸುತ್ತಾಳೆ, ಆದರೆ "ಒಟ್ಟು ಎಷ್ಟು?" ಎಂದರೆ ಉತ್ತರ ಹೇಳದೆ ಮತ್ತೆ ಒಂದರಿಂದ ಶುರುಮಾಡುತ್ತಾಳೆ. ನವೆಂಬರ್‌ನಲ್ಲಿ ಐದು ಕೇಳಿದಾಗ ಆರು ಕೊಟ್ಟು, ತಾನೇ ನೋಡಿಕೊಂಡು ಒಂದನ್ನು ವಾಪಸ್ ತೆಗೆದುಕೊಳ್ಳುತ್ತಾಳೆ. ನನ್ನನ್ನು ಕೇಳಿದರೆ ಇಡೀ ಫೈಲಿನಲ್ಲಿ ಬೆಲೆಯುಳ್ಳ ಸಾಲು ಇದೇ. ಯಾರೂ ಹೇಳದೆ ತಪ್ಪನ್ನು ತಾನೇ ಹಿಡಿದ ಮಗುವಿಗೆ ಐದು ಎಂದರೆ ಎಷ್ಟು ಎಂಬುದು ಗೊತ್ತಿದೆ.

ಈ ಟಿಪ್ಪಣಿಗಳ ಜೊತೆ ಮಗುವಿನ ಕೆಲಸವನ್ನೂ ಸೇರಿಸಿದರೆ ಅದೇ ಕೃತಿ ಸಂಪುಟ. ಜೂನ್‌ನಲ್ಲಿ ಬರೆದ ಅಮ್ಮನ ಚಿತ್ರದಲ್ಲಿ ತಲೆಯಿಂದಲೇ ಕಾಲುಗಳು ಹೊರಟಿರುತ್ತವೆ. ಡಿಸೆಂಬರ್‌ನ ಚಿತ್ರದಲ್ಲಿ ಮೈ ಬಂದಿದೆ, ಕೈಗೆ ಬಳೆಯೂ ಬಂದಿದೆ. ಹಾಳೆಯ ಹಿಂದೆ ದಿನಾಂಕ, ಜೊತೆಗೆ ಆ ಚಿತ್ರದ ಬಗ್ಗೆ ಮಗು ಹೇಳಿದ ಮಾತು ಅದರದೇ ಶೈಲಿಯಲ್ಲಿ ಇರಬೇಕು. ಎರಡೂ ಇಲ್ಲದಿದ್ದರೆ ಅದು ಬರೀ ಕಾಗದದ ಕಟ್ಟು.

ಹಾಗೆಂದು ಫೈಲ್ ಕಂಡ ಕೂಡಲೇ ನಂಬಬೇಕಿಲ್ಲ. ತರಗತಿಯ ಮೂವತ್ತು ಮಕ್ಕಳೂ ಗೆರೆ ದಾಟದೆ ಒಂದೇ ಥರ ಬಣ್ಣ ತುಂಬಿದ ನವಿಲು ಇದ್ದರೆ ಅದು ಟೀಚರ್ ತಿದ್ದಿದ್ದು, ಇಲ್ಲವೇ ಅಮ್ಮ ರಾತ್ರಿ ಕೂತು ಮುಗಿಸಿದ್ದು. "ಚುರುಕು ಹುಡುಗಿ, ಸ್ವಲ್ಪ ತುಂಟಿ" ಎಂದು ಬರೆದಿದ್ದರೆ ಅಲ್ಲಿರುವುದು ಟೀಚರ್ ಅಭಿಪ್ರಾಯ ಅಷ್ಟೇ. ಮಗು ಏನು ಮಾಡಿತು, ಏನು ಹೇಳಿತು ಎಂಬುದಿಲ್ಲ. ವರ್ಷದ ಎಲ್ಲ ಟಿಕ್ ಗುರುತುಗಳೂ ಒಂದೇ ಪೆನ್ನಿನಲ್ಲಿ, ಒಂದೇ ದಿನ ಬಿದ್ದಂತಿದ್ದರೆ ವಿಷಯ ಹೇಳಬೇಕಾಗಿಲ್ಲ.

ಟೀಚರ್ ಕಡೆಯ ಕಷ್ಟವೂ ಸುಳ್ಳಲ್ಲ. ಮೂವತ್ತು ಮಕ್ಕಳನ್ನು ದಿನವಿಡೀ ಗಮನಿಸಿ ಬರೆಯುವುದು ಯಾರಿಂದಲೂ ಆಗದು. ದಿನಕ್ಕೆ ಐದು ಮಕ್ಕಳಂತೆ ಸರದಿ ಹಾಕಿಕೊಂಡರೆ ವಾರಕ್ಕೊಮ್ಮೆ ಪ್ರತಿ ಮಗುವಿನ ಬಗ್ಗೆ ಎರಡು ಸಾಲಾದರೂ ದಾಖಲಾಗುತ್ತದೆ. ಒಂದೇ ದಿನ ಕಂಡದ್ದರ ಮೇಲೆ ತೀರ್ಪು ಕೊಡುವುದಂತೂ ಸರಿಯಲ್ಲ. ಅಂದು ಮಗುವಿಗೆ ಜ್ವರ ಇದ್ದಿರಬಹುದು. ಮನೆಯಲ್ಲಿ ತುಳುವೋ ಲಂಬಾಣಿಯೋ ಉರ್ದುವೋ ಆಡುವ ಮಗು ಇಂಗ್ಲಿಷಿನ ಪ್ರಶ್ನೆಗೆ ಸುಮ್ಮನೆ ನಿಂತರೆ ಅದಕ್ಕೆ ಲೆಕ್ಕ ಬರುವುದಿಲ್ಲ ಎಂದಲ್ಲ. ಅದೇ ಪ್ರಶ್ನೆಯನ್ನು ಅದರ ಮಾತಿನಲ್ಲಿ ಕೇಳಿ ನೋಡಿದ ಮೇಲೆ ಬರೆಯಬೇಕು.

ಮುಂದಿನ ಸಭೆಯಲ್ಲಿ ಪೂರ್ತಿ ಫೈಲ್ ತಿರುವಿಹಾಕುವ ಬದಲು ಒಂದೇ ಕೆಲಸದ ಎರಡು ಹಾಳೆ ಕೇಳಿ: ಒಂದು ಜೂನ್‌ನದು, ಒಂದು ಈಗಿನದು. ನಡುವೆ ಏನು ಬದಲಾಯಿತು, ಅದಕ್ಕೆ ನೀವೇನು ಮಾಡಿದಿರಿ ಎಂದು ಕೇಳಿ. ಪಕ್ಕದ ಮಗುವಿನ ಫೈಲನ್ನು ಇಣುಕಿ ನೋಡುವ ಅಗತ್ಯವಿಲ್ಲ. ಮನೆಯ ಸುದ್ದಿಯನ್ನೂ ಹೇಳಿ. ರಾತ್ರಿ ಊಟಕ್ಕೆ ಕೂರುವ ನಾಲ್ವರಿಗೆ ತಟ್ಟೆ ತಾ ಅಂದಾಗ ಮಗು ಎಷ್ಟು ತಂತು, ಎಣಿಸಿ ತಂತೋ ಸಿಕ್ಕಷ್ಟು ತಂತೋ ಎಂಬುದು ಟೀಚರ್‌ಗೆ ಬೇಕಾದ ಮಾಹಿತಿ. ದಿನಾಂಕ ಹಾಕಿ ಅದನ್ನೂ ಫೈಲಿಗೆ ಸೇರಿಸಲು ಹೇಳಿ.