ಮೈನಸ್ ಎಂಟನ್ನು ಕಳೆಯುವಾಗ ಎಚ್ಚರ

ಡಿಜಿಟಲ್ ಲಾಜಿಕ್ ಲ್ಯಾಬಿನಲ್ಲಿ ಕಳೆಯುವ ಲೆಕ್ಕಕ್ಕೆಂದೇ ಬೇರೆ ಚಿಪ್ ಬೇಕಾಗುವುದಿಲ್ಲ. ನಾಲ್ಕು ಬಿಟ್‌ಗಳನ್ನು ಕೂಡುವ 7483 ಐಸಿ, ಜೊತೆಗೆ ನಾಲ್ಕು ಎಕ್ಸ್-ಆರ್ ಗೇಟುಗಳಿರುವ 7486 ಇದ್ದರೆ ಸಾಕು. ಕೂಡುವ ಐಸಿಯಿಂದಲೇ ಕಳೆಯುವ ಕೆಲಸವನ್ನೂ ಮಾಡಿಸಬಹುದು.

ಹೇಗೆಂದರೆ, ನಾಲ್ಕು ಬಿಟ್‌ಗಳಲ್ಲಿ ಬರೆಯಲು ಸಾಧ್ಯವಿರುವುದು ಹದಿನಾರೇ ವಿನ್ಯಾಸ. ಮೊತ್ತ ಹದಿನಾರನ್ನು ಮುಟ್ಟಿದರೆ ಆ ಹದಿನಾರು ಕ್ಯಾರಿಯಾಗಿ ಹೊರಗೆ ಹೋಗುತ್ತದೆ, ಉಳಿದದ್ದು ಮಾತ್ರ ನಾಲ್ಕು ಬಿಟ್‌ಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಇಲ್ಲಿ 3 ಕಳೆಯುವುದೂ ಒಂದೇ, 13 ಕೂಡುವುದೂ ಒಂದೇ. 13 ಸಿಗುವುದೂ ಸುಲಭ: 0011ರ ಬಿಟ್‌ಗಳನ್ನೆಲ್ಲ ತಿರುಗಿಸಿದರೆ 1100, ಅಂದರೆ 12, ಅದಕ್ಕೆ ಒಂದು ಸೇರಿಸಿದರೆ 13. ಇದೇ ಟೂಸ್ ಕಾಂಪ್ಲಿಮೆಂಟ್. ತಿರುಗಿಸುವ ಕೆಲಸ ಎಕ್ಸ್-ಆರ್ ಗೇಟುಗಳದು. ಅವುಗಳ ನಿಯಂತ್ರಣ ತಂತಿಗೆ 1 ಕೊಟ್ಟರೆ ಬಿಟ್ ತಿರುಗುತ್ತದೆ, 0 ಕೊಟ್ಟರೆ ಇದ್ದ ಹಾಗೇ ಹೋಗುತ್ತದೆ. ಅದೇ ತಂತಿಯನ್ನು 7483ರ C0 ಪಿನ್ನಿಗೂ ಜೋಡಿಸುವುದರಿಂದ ಸೇರಬೇಕಾದ ಒಂದೂ ತಾನಾಗಿ ಸೇರುತ್ತದೆ.

5ರಿಂದ 3 ಕಳೆಯೋಣ. 0101, 1100, ಮತ್ತೊಂದು 1: ಮೊತ್ತ 0010, ಕ್ಯಾರಿ 1. ಉತ್ತರ 2, ಸರಿ. 3ರಿಂದ 5 ಕಳೆದರೆ 1110 ಬರುತ್ತದೆ, ಕ್ಯಾರಿ 0. ಎಡತುದಿಯ ಬಿಟ್‌ನ ಬೆಲೆ ಮೈನಸ್ 8. ಅದಕ್ಕೆ 4, 2 ಸೇರಿಸಿದರೆ ಮೈನಸ್ 2. ಇದೂ ಸರಿ. ಈ ಬರಹದಲ್ಲಿ ಹಿಡಿಸುವುದು ಮೈನಸ್ 8ರಿಂದ 7ರವರೆಗಿನ ಸಂಖ್ಯೆಗಳು ಮಾತ್ರ.

ಈಗ 5ರಿಂದ ಮೈನಸ್ 4 ಕಳೆಯಿರಿ. 0101, 0011, 1 ಸೇರಿ 1001, ಕ್ಯಾರಿ 0. ಅದನ್ನು ಓದಿದರೆ ಮೈನಸ್ 7, ಬರಬೇಕಿದ್ದದ್ದು 9. ಮೈನಸ್ 6ರಿಂದ 5 ಕಳೆದರೆ 0101, ಕ್ಯಾರಿ 1. ಮೈನಸ್ 11ರ ಜಾಗದಲ್ಲಿ 5. ಎರಡರಲ್ಲೂ ಓವರ್‌ಫ್ಲೋ ಆಗಿದೆ. ಕ್ಯಾರಿಯ ಎಲ್‌ಇಡಿಯನ್ನೇ ನಂಬಿಕೊಂಡವರಿಗೆ ಇದು ಗೊತ್ತಾಗುವುದೇ ಇಲ್ಲ: ಸರಿಯಾದ ಎರಡು ಲೆಕ್ಕಗಳಲ್ಲಿ ಒಮ್ಮೆ 1, ಒಮ್ಮೆ 0 ಇತ್ತು, ತಪ್ಪಿದ ಎರಡರಲ್ಲೂ ಹಾಗೇ ಇದೆ.

ನೋಡಬೇಕಾದದ್ದು ಎಡತುದಿಯ ಕಾಲಮ್ಮಿಗೆ ಒಳಬಂದ ಕ್ಯಾರಿ C3 ಮತ್ತು ಅಲ್ಲಿಂದ ಹೊರಹೋದ ಕ್ಯಾರಿ C4. ಎರಡೂ ಒಂದೇ ಆಗಿದ್ದರೆ ಉತ್ತರ ಸರಿ, ಬೇರೆಯಾದರೆ ಓವರ್‌ಫ್ಲೋ. ತೊಡಕೆಂದರೆ, 7483ರಲ್ಲಿ C4ಕ್ಕೆ ಪಿನ್ ಇದೆ, C3ಕ್ಕೆ ಇಲ್ಲ. ಅದನ್ನು ನಾವೇ ಹುಡುಕಿ ತೆಗೆಯಬೇಕು. ಯಾವುದೇ ಕಾಲಮ್ಮಿನ ಮೊತ್ತ ಎಂದರೆ ಅಲ್ಲಿನ ಎರಡು ಬಿಟ್ ಮತ್ತು ಒಳಬಂದ ಕ್ಯಾರಿಯ ಎಕ್ಸ್-ಆರ್; ಹಾಗಾಗಿ ಮೊತ್ತವನ್ನು ಆ ಎರಡು ಬಿಟ್‌ಗಳ ಜೊತೆ ಮತ್ತೆ ಎಕ್ಸ್-ಆರ್ ಮಾಡಿದರೆ ಕ್ಯಾರಿ ಸಿಕ್ಕೇ ಸಿಗುತ್ತದೆ. D3 ಎಂದರೆ ತಿರುಗಿಸಿದ ಮೇಲಿನ B3 ಎಂದಿಟ್ಟುಕೊಳ್ಳಿ:

```
C3 = A3 ⊕ D3 ⊕ S3
V  = C3 ⊕ C4
```

ಒಟ್ಟು ಮೂರು ಗೇಟು ಬೇಕು. ಮೊದಲ 7486ರ ನಾಲ್ಕೂ ಗೇಟುಗಳು ಬಿಟ್ ತಿರುಗಿಸುವುದಕ್ಕೇ ಮುಗಿದಿರುವುದರಿಂದ ಇನ್ನೊಂದನ್ನು ಬ್ರೆಡ್‌ಬೋರ್ಡಿಗೆ ಚುಚ್ಚಬೇಕು.

ಇಷ್ಟೆಲ್ಲ ಸರಿಯಾಗಿ ಜೋಡಿಸಿದ ಮೇಲೂ ಕೆಲವೊಮ್ಮೆ ಕಾಗದದ ಲೆಕ್ಕಕ್ಕೂ ಎಲ್‌ಇಡಿಗೂ ತಾಳೆಯಾಗುವುದಿಲ್ಲ. ಕಳೆಯುವ ಸಂಖ್ಯೆ ಮೈನಸ್ 8 ಆಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಾಗದವನ್ನೇ. ಕೈಯಲ್ಲಿ ಮಾಡುವಾಗ ನಾವು ಟೂಸ್ ಕಾಂಪ್ಲಿಮೆಂಟನ್ನು ಮೊದಲೇ ತೆಗೆದಿಟ್ಟುಕೊಂಡು ಆಮೇಲೆ ಕೂಡುತ್ತೇವೆ. 1000ವನ್ನು ತಿರುಗಿಸಿ ಒಂದು ಸೇರಿಸಿದರೆ ಮತ್ತೆ 1000ವೇ ಬರುತ್ತದೆ, ಏಕೆಂದರೆ ಪ್ಲಸ್ 8ಕ್ಕೆ ಇಲ್ಲಿ ಜಾಗವೇ ಇಲ್ಲ. 2ರಿಂದ ಮೈನಸ್ 8 ಕಳೆಯಲು 0010ಕ್ಕೆ 1000 ಕೂಡಿದರೆ 1010 ಬರುತ್ತದೆ. C3 ಸೊನ್ನೆ, C4 ಸೊನ್ನೆ. ಓವರ್‌ಫ್ಲೋ ಇಲ್ಲ ಎಂದು ರೆಕಾರ್ಡಿನಲ್ಲಿ ಬರೆದುಬಿಡುತ್ತೇವೆ. ಆದರೆ ಉತ್ತರ 10 ಆಗಬೇಕಿತ್ತು, ಬಂದದ್ದು ಮೈನಸ್ 6. ಸರ್ಕ್ಯೂಟು ಕೂಡುವುದು ಹೀಗೆ:

```
  0010
  0111
     1
  ----
  1010   C3=1  C4=0  V=1
```

ಮೊತ್ತ ಎರಡು ದಾರಿಯಲ್ಲೂ ಒಂದೇ, ಒಳಗಿನ ಕ್ಯಾರಿ ಮಾತ್ರ ಬೇರೆ. ತಿರುಗುಮುರುಗು ತಪ್ಪೂ ಆಗುತ್ತದೆ: ಮೈನಸ್ 3ರಿಂದ ಮೈನಸ್ 8 ಕಳೆದರೆ 5 ಬರಬೇಕು, ಬರುತ್ತದೆ ಕೂಡ. ಆದರೆ ಎರಡು ಹಂತದ ಲೆಕ್ಕದಲ್ಲಿ C3 ಸೊನ್ನೆ, C4 ಒಂದು ಆಗಿ, ಇಲ್ಲದ ಓವರ್‌ಫ್ಲೋ ಕಾಣಿಸುತ್ತದೆ.

ಆದ್ದರಿಂದ ರೆಕಾರ್ಡ್ ಬರೆಯುವಾಗ ಆ ಒಂದನ್ನು ಮೊದಲೇ ಸೇರಿಸಿಡಬೇಡಿ. ತಿರುಗಿಸಿದ ಬಿಟ್‌ಗಳ ಕೆಳಗೆ ಮೂರನೇ ಸಾಲಾಗಿ ಬರೆದು ಮೂರನ್ನೂ ಒಟ್ಟಿಗೆ ಕೂಡಿ. ಸರ್ಕ್ಯೂಟನ್ನು ಪರೀಕ್ಷಿಸುವಾಗ 5 ಮತ್ತು 3ರಂಥ ಸಲೀಸು ಲೆಕ್ಕಗಳಲ್ಲೇ ನಿಲ್ಲದೆ 1000ವನ್ನು ಕಳೆಯುವ ಈ ಎರಡು ಲೆಕ್ಕಗಳನ್ನೂ ತಪ್ಪದೆ ಹಾಕಿ ನೋಡಿ.